ಸಂಗೀತ ಕಾರ್ಯಕ್ರಮದ ಪೋಸ್ಟರ್‌ಗೆ ಕ್ಯಾಪ್ಷನ್: ಟಿಕೆಟ್ ದರ್ಜೆ, ಸೀಟು, ಗೇಟಿನ ಸಮಯ ಬರೆಯುವ ಬಗೆ

ಪ್ರಶ್ನೆ: ನನ್ನ ತಂಗಿ ಹಾಡುಗಾರ್ತಿ. ಮೊದಲ ಸಲ ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡ್ತಿದ್ದಾಳೆ. ಸಭಾಂಗಣದಲ್ಲಿ ಕೆಳಗೆ 280, ಬಾಲ್ಕನಿಯಲ್ಲಿ 60 ಸೀಟು. ಸಂಜೆ 6:30ಕ್ಕೆ ಶುರು. ಪೋಸ್ಟರ್ ಚೆನ್ನಾಗಿ ಬಂದಿದೆ, ಅದರ ಕೆಳಗೆ ಹಾಕುವ ಕ್ಯಾಪ್ಷನ್ ಬರೆಯೋಕೆ ಕೂತರೆ ಮಾತ್ರ ತಲೆ ಓಡ್ತಿಲ್ಲ. ವಿಐಪಿ, ಗೋಲ್ಡ್, ಸಿಲ್ವರ್ ಅಂತ ಮೂರು ದರ್ಜೆ ಅಂದುಕೊಂಡಿದ್ದೇವೆ. ಗೇಟು ಎಷ್ಟು ಹೊತ್ತಿಗೆ ಅಂತ ಹಾಕಬೇಕು? ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಬರೆಯಬೇಕು?

ಉತ್ತರ: ಫೋನು ಪಕ್ಕಕ್ಕಿಟ್ಟು, ಸಭಾಂಗಣದವರಿಂದ ಸೀಟುಗಳ ನಕ್ಷೆ ತರಿಸಿಕೊಳ್ಳಿ. ಕ್ಯಾಪ್ಷನ್ ಹುಟ್ಟುವುದು ಆ ನಕ್ಷೆಯಿಂದ. ನೀವು ಬರೆಯುವ ಒಂದೊಂದು ಸಾಲೂ ಅವತ್ತು ಸಂಜೆ ಬಾಗಿಲಲ್ಲಿ ನಿಂತ ಹುಡುಗ ನಡೆಸಿಕೊಡಬೇಕಾದ ಮಾತು. ಅವನಿಂದ ಆಗದ್ದನ್ನು ಬರೆದರೆ ಜಗಳ ಅವನ ತಲೆಗೆ ಬರುತ್ತದೆ, ಹೆಸರು ಕೆಡುವುದು ನಿಮ್ಮ ತಂಗಿಯದು.

ಮೊದಲು ತಿಳಿಯಬೇಕಾದದ್ದು, ನಿಮ್ಮ ಹತ್ತಿರ ಮಾರೋಕೆ 340 ಸೀಟು ಇಲ್ಲ. ಸೌಂಡ್ ಇಂಜಿನಿಯರ್ ತನ್ನ ಮಿಕ್ಸರ್ ಮೇಜನ್ನು ಸಭಿಕರ ನಡುವೆಯೇ ಇಡಬೇಕು, ಜನರಿಗೆ ಕೇಳುವ ಸದ್ದು ಅವನಿಗೂ ಕೇಳಬೇಕಲ್ಲ. ಸಾಮಾನ್ಯವಾಗಿ ಅದು ಕೆಳಗಿನ ಹಿಂದಿನ ಸಾಲುಗಳ ಮಧ್ಯದಲ್ಲಿ ಕೂರುತ್ತದೆ. ಎರಡು ಸಾಲಲ್ಲಿ ಆರಾರು ಸೀಟು ಅಂತ ಹಿಡಿದರೆ 12 ಹೋಯಿತು. ಬಾಲ್ಕನಿಗೆ ಒಂದು ಸಲ ಹತ್ತಿ, ಎರಡೂ ತುದಿಯ ಸೀಟುಗಳಲ್ಲಿ ನೀವೇ ಕೂತು ನೋಡಿ. ಕಂಬವೋ ಕಂಬಿಯೋ ಅಡ್ಡ ಬಂದು ವೇದಿಕೆಯ ಅರ್ಧ ಕಾಣದ ಸೀಟು ಇದ್ದೇ ಇರುತ್ತವೆ. ಅಂಥವು 6 ಇವೆ ಅಂದುಕೊಳ್ಳೋಣ. ವಾದ್ಯದವರ ಮನೆಯವರಿಗೆ, ಸಭಾಂಗಣದವರಿಗೆ, ಕೊನೇ ಗಳಿಗೆಯಲ್ಲಿ ಸೀಟಿನ ಗೊಂದಲವಾದರೆ ಯಾರನ್ನಾದರೂ ಕೂರಿಸೋಕೆ ಅಂತ ಮುಂದಿನ ಸಾಲುಗಳಲ್ಲಿ 10 ಸೀಟು ಎತ್ತಿಡಿ. ಉಳಿದದ್ದು 312. ಟಿಕೆಟ್ ಮಾರುವ ಜಾಲತಾಣಕ್ಕೆ ಕೊಡಬೇಕಾದ ಲೆಕ್ಕ ಇದು. 340 ಅಂತ ಕೊಟ್ಟುಬಿಟ್ಟರೆ, ಮಿಕ್ಸರ್ ಮೇಜಿನ ಜಾಗಕ್ಕೆ ಟಿಕೆಟ್ ಕೊಂಡ 12 ಜನ ಅವತ್ತು ನಿಮ್ಮೆದುರು ನಿಂತಿರುತ್ತಾರೆ.

ಇನ್ನು ದರ್ಜೆಗಳ ವಿಷಯ. ಮೂರು ಇರಲಿ, ಅದಕ್ಕಿಂತ ಹೆಚ್ಚು ಈ ಅಳತೆಯ ಸಭಾಂಗಣಕ್ಕೆ ಬೇಡ. ಆದರೆ ವಿಐಪಿ, ಗೋಲ್ಡ್, ಸಿಲ್ವರ್ ಅಂತಷ್ಟೇ ಹಾಕಿದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಗೋಲ್ಡ್ ಅಂದರೆ ಕೆಳಗೋ ಮೇಲೋ, ಎಷ್ಟನೇ ಸಾಲಿನಿಂದ ಶುರು, ವಿಐಪಿಗೆ ಊಟವೋ ಫೋಟೋವೋ ಏನಾದರೂ ಸೇರಿದೆಯೋ, ಎಲ್ಲಕ್ಕೂ ನಿಮಗೆ ಫೋನು ಬರುತ್ತದೆ. ವಿಐಪಿ ಟಿಕೆಟ್ ಕೊಂಡವರು ಕಾರ್ಯಕ್ರಮ ಮುಗಿದ ಮೇಲೆ ಗಾಯಕಿಯನ್ನು ಕಾಣಬಹುದು ಅಂತ ತಾವೇ ಅಂದುಕೊಂಡು ಬರುವುದೂ ಉಂಟು. ಅದರ ಬದಲು ಜಾಗದ ಹೆಸರನ್ನೇ ಇಡಿ: ಮೊದಲ 4 ಸಾಲು, ಕೆಳಗಿನ ಉಳಿದ ಸಾಲು, ಬಾಲ್ಕನಿ. ನಿಮ್ಮ ಸಭಾಂಗಣದಲ್ಲಿ ಸಾಲಿಗೆ 20 ಸೀಟು ಇದ್ದರೆ ಮೊದಲ 4 ಸಾಲಲ್ಲಿ 80, ಎತ್ತಿಟ್ಟ 10 ಕಳೆದು 70. ಕೆಳಗಿನ ಉಳಿದ 10 ಸಾಲಲ್ಲಿ 200, ಮಿಕ್ಸರ್ ಮೇಜಿನ 12 ಕಳೆದು 188. ಬಾಲ್ಕನಿಯಲ್ಲಿ 54. ಸಾಲುಗಳನ್ನು ವೇದಿಕೆಯ ಕಡೆಯಿಂದ ಎಣಿಸಿದ್ದು ಅಂತ ಬರೆಯಿರಿ. ಕೆಲವು ಸಭಾಂಗಣಗಳಲ್ಲಿ ಬಾಗಿಲ ಕಡೆಯಿಂದ ನಂಬರು ಬಿದ್ದಿರುತ್ತದೆ.

ದರ್ಜೆಯ ಹೆಸರಿಗಿಂತ ದೊಡ್ಡ ಮಾತು ಇನ್ನೊಂದಿದೆ, ಹೆಚ್ಚಿನ ಕ್ಯಾಪ್ಷನ್‌ಗಳು ಬಿಟ್ಟುಬಿಡುವುದು ಅದನ್ನೇ. ಟಿಕೆಟ್ಟಿಗೆ ಸೀಟು ನಂಬರು ಇದೆಯೋ ಇಲ್ಲವೋ? ನಂಬರು ಇದ್ದರೆ ಎಷ್ಟು ಹೊತ್ತಿಗೆ ಬಂದರೂ ಆ ಸೀಟು ಅವರದೇ. ನಂಬರು ಇಲ್ಲದಿದ್ದರೆ ಆ ದರ್ಜೆಯೊಳಗೆ ಮೊದಲು ಬಂದವರಿಗೆ ಮೊದಲು. ಇವೆರಡರಲ್ಲಿ ಯಾವುದು ಅಂತ ಹೇಳದೇ ಹೋದರೆ ಗೇಟಿನ ಸಮಯ ಬರೆದೂ ಪ್ರಯೋಜನವಿಲ್ಲ, ಏಕೆಂದರೆ ಬೇಗ ಬರಬೇಕೋ ಬೇಡವೋ ಅನ್ನುವುದು ಇದರ ಮೇಲೆಯೇ ನಿಂತಿದೆ.

ನನ್ನ ಸಲಹೆ, ಮೊದಲ 4 ಸಾಲಿಗೆ ಮಾತ್ರ ನಂಬರು ಕೊಡಿ. ಹೆಚ್ಚು ಹಣ ಕೊಟ್ಟವರು ಕೊಟ್ಟದ್ದು ಅದಕ್ಕೇ, ನಿಧಾನವಾಗಿ ಬಂದು ಕೂರುವ ನೆಮ್ಮದಿಗೆ. ಕೆಳಗಿನ ಉಳಿದ ಸಾಲು ಮತ್ತು ಬಾಲ್ಕನಿ ನಂಬರಿಲ್ಲದೆ ಇರಲಿ. ಎಲ್ಲ 312ಕ್ಕೂ ನಂಬರು ಕೊಡುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಕತ್ತಲಲ್ಲಿ ಟಾರ್ಚ್ ಹಿಡಿದು ಒಬ್ಬೊಬ್ಬರನ್ನೂ ಅವರವರ ಸೀಟಿಗೆ ಕರೆದೊಯ್ಯೋಕೆ ಒಳಗೆ ನಾಲ್ಕೈದು ಜನ ಬೇಕು. ಸ್ನೇಹಿತರನ್ನೇ ನಿಲ್ಲಿಸಿ ನಡೆಸುವ ಕಾರ್ಯಕ್ರಮಕ್ಕೆ ಅದು ಭಾರ. ನಂಬರಿಲ್ಲದ ದರ್ಜೆಗೆ ಒಂದು ನಿಯಮ ಮಾತ್ರ ಖಂಡಿತ ಬರೆಯಿರಿ: ಕರವಸ್ತ್ರವೋ ಚೀಲವೋ ಇಟ್ಟು ಬೇರೆಯವರಿಗೆ ಸೀಟು ಹಿಡಿಯುವಂತಿಲ್ಲ. ಒಬ್ಬರು ಬೇಗ ಬಂದು ಎಂಟು ಸೀಟಿಗೆ ಶಾಲು ಹಾಸಿದರೆ, ಸರಿಯಾದ ಹೊತ್ತಿಗೆ ಬಂದ ಏಳು ಜನ ಹಿಂದೆ ಸರಿಯಬೇಕಾಗುತ್ತದೆ. ನಿಯಮ ಮೊದಲೇ ಕ್ಯಾಪ್ಷನ್‌ನಲ್ಲಿ ಇದ್ದರೆ ಒಳಗಿನ ಸ್ವಯಂಸೇವಕರು ಶಾಲು ತೆಗೆಸಬಹುದು. ಇಲ್ಲದಿದ್ದರೆ ಅವರಿಗೆ ಬಾಯಿಲ್ಲ.

ಗೇಟಿನ ಸಮಯವನ್ನು ಅಂದಾಜಿನಲ್ಲಿ ಹಾಕಬೇಡಿ. ಅದಕ್ಕೊಂದು ಸರಳ ಲೆಕ್ಕವಿದೆ. ಫೋನಿನಲ್ಲಿ ಟಿಕೆಟ್ ತೆರೆದಿಟ್ಟುಕೊಂಡು ಬಂದವರನ್ನು ಸ್ಕ್ಯಾನ್ ಮಾಡಿ ಒಳಗೆ ಬಿಡೋಕೆ ಏಳೆಂಟು ಸೆಕೆಂಡು ಸಾಕು. ಆದರೆ ಎಲ್ಲರೂ ಹಾಗೆ ಬರುವುದಿಲ್ಲ. ಒಬ್ಬರಿಗೆ ಮೆಸೇಜು ಸಿಗುವುದಿಲ್ಲ, ಇನ್ನೊಬ್ಬರ ಫೋನಿನ ಬೆಳಕು ಕಡಿಮೆಯಾಗಿ ಕೋಡ್ ಓದುವುದಿಲ್ಲ, ಮತ್ತೊಬ್ಬರ ಟಿಕೆಟ್ ಹಿಂದೆ ಬರುತ್ತಿರುವ ಗಂಡನ ಫೋನಿನಲ್ಲಿ. ಎಲ್ಲ ಸೇರಿಸಿ ತಲೆಗೆ 12 ಸೆಕೆಂಡು ಹಿಡಿಯಿರಿ, ಅಂದರೆ ಒಂದು ಸಾಲಿನಲ್ಲಿ ನಿಮಿಷಕ್ಕೆ 5 ಜನ. ಇನ್ನು ಜನ ಸಮನಾಗಿ ಹರಿದು ಬರುವುದಿಲ್ಲ, ಬಹುಪಾಲು ಬರುವುದು ಕೊನೆಯ ಅರ್ಧ ಗಂಟೆಯಲ್ಲಿ. ನೂರಕ್ಕೆ 70 ಜನ ಹಾಗೆ ಬಂದರು ಅಂತಿಟ್ಟುಕೊಂಡರೆ, 312ರಲ್ಲಿ ಸುಮಾರು 218. ಒಂದೇ ಸಾಲು ಇದ್ದರೆ ಅರ್ಧ ಗಂಟೆಯಲ್ಲಿ 150 ಜನ ಒಳಗೆ ಹೋದಾರು. 6:30 ಆದಾಗ 68 ಜನ ಇನ್ನೂ ಹೊರಗೇ. ಅವರನ್ನು ಒಳಗೆ ಬಿಡೋಕೆ ಮತ್ತೆ 14 ನಿಮಿಷ. ತಂಗಿ ಅಷ್ಟು ಹೊತ್ತು ಕಾಯಬೇಕು, ಇಲ್ಲವೇ ಮೊದಲ ಎರಡು ಹಾಡನ್ನು ಬಾಗಿಲು ಬಡಿಯುವ ಸದ್ದಿನ ನಡುವೆ ಹಾಡಬೇಕು. ಎರಡು ಸಾಲು ಮಾಡಿದರೆ ಅರ್ಧ ಗಂಟೆಗೆ 300 ಜನ, ತೊಂದರೆಯಿಲ್ಲ. ಹಾಗಾಗಿ ಗೇಟು 5:30ಕ್ಕೆ ಅಂತ ಬರೆಯುವ ಮೊದಲು, ಅಲ್ಲಿ ಎರಡು ಫೋನು ಹಿಡಿದ ಇಬ್ಬರು ನಿಲ್ಲುತ್ತಾರೆ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಸ್ಥಳದಲ್ಲೇ ಟಿಕೆಟ್ ಮಾರುವುದಿದ್ದರೆ ಅದಕ್ಕೆ ಬೇರೆಯೇ ಮೇಜು ಬೇಕು. ಹಣ ತೆಗೆದುಕೊಂಡು, ಬಂತೋ ಇಲ್ಲವೋ ನೋಡಿ, ಟಿಕೆಟ್ ಕೊಡೋಕೆ ತಲೆಗೆ ಒಂದು ನಿಮಿಷವಾದರೂ ಬೇಕು. ಆ ಒಬ್ಬರು ಸ್ಕ್ಯಾನಿಂಗ್ ಸಾಲಿನಲ್ಲಿ ನಿಂತರೆ ಹಿಂದಿನ ಐವರು ನಿಂತಂತೆಯೇ.

ಗೇಟು ಮತ್ತು ಸಭಾಂಗಣದ ಬಾಗಿಲು ಬೇರೆ ಬೇರೆ. ಗೇಟು ತೆರೆದರೆ ಜನ ಹೊರಗಿನ ಹಜಾರಕ್ಕೆ ಬರುತ್ತಾರೆ, ಬಾಗಿಲು ತೆರೆದರೆ ಸೀಟಿಗೆ. ಬಾಗಿಲು ತೆರೆಯುವ ಮೊದಲು ಒಳಗೆ ಸೌಂಡ್ ಚೆಕ್ ಮುಗಿಯಬೇಕು. ಅದು ತಡವಾಗುವುದೇ ಹೆಚ್ಚು, ಒಂದು ಮೈಕು ಕೀ ಅಂತ ಕೂಗೋಕೆ ಶುರು ಮಾಡಿದರೆ ಇಪ್ಪತ್ತು ನಿಮಿಷ ನುಂಗುತ್ತದೆ. ಅದಕ್ಕೇ ಬಾಗಿಲಿಗೆ 5:45 ಅಂತ ಬರೆದರೆ, ಸೌಂಡ್ ಚೆಕ್ 5:15ಕ್ಕೆ ಮುಗಿಯಬೇಕು ಅಂತ ಇಂಜಿನಿಯರ್‌ಗೆ ಹೇಳಿಡಿ. ಅವರು ಒಪ್ಪದಿದ್ದರೆ ಕ್ಯಾಪ್ಷನ್‌ನಲ್ಲಿ ಸಮಯ ಬದಲಿಸಿ, ಬರೆದಾದ ಮೇಲೆ ಅವರ ಜೊತೆ ಕಾದಾಡಬೇಡಿ. ಪೋಸ್ಟರ್‌ನಲ್ಲಿ ಬರೀ ‘ಸಂಜೆ 6:30’ ಅಂತ ಇದ್ದರೆ ಅರ್ಧ ಜನ ಅದನ್ನು ಗೇಟು ತೆರೆಯುವ ಹೊತ್ತು ಅಂದುಕೊಳ್ಳುತ್ತಾರೆ. ಪ್ರತಿ ಸಮಯದ ಪಕ್ಕದಲ್ಲೂ ಏನಾಗುತ್ತದೆ ಅಂತ ಕ್ರಿಯಾಪದ ಇರಲಿ: ಗೇಟು ತೆರೆಯುತ್ತದೆ, ಬಾಗಿಲು ತೆರೆಯುತ್ತದೆ, ಹಾಡು ಶುರುವಾಗುತ್ತದೆ. ಮುಗಿಯುವ ಹೊತ್ತನ್ನೂ ಹಾಕಿ. ದೂರದಿಂದ ಬರುವವರು, ಮನೆಯಲ್ಲಿ ವಯಸ್ಸಾದವರನ್ನು ಬಿಟ್ಟು ಬರುವವರು ಅದನ್ನು ನೋಡಿಯೇ ಟಿಕೆಟ್ ಕೊಳ್ಳುವುದು.

ತಡವಾಗಿ ಬಂದವರಿಗೆ ಏನು ಅನ್ನುವುದನ್ನು ಬರೆಯೋಕೆ ಜನ ಸಂಕೋಚ ಪಡುತ್ತಾರೆ. ದಯವಿಟ್ಟು ಬರೆಯಿರಿ. ಹಾಡಿನ ಮಧ್ಯೆ ಒಳಗೆ ಬಿಡುವುದಿಲ್ಲ, ಎರಡು ಹಾಡಿನ ನಡುವೆ ಬಿಡುತ್ತೇವೆ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಂಬರಿರುವ ಮೊದಲ 4 ಸಾಲಿನವರಿಗೆ ಇದು ಹೆಚ್ಚು ಅನ್ವಯ. ಅವರು ತಡವಾಗಿ ಬಂದರೆ ಎಲ್ಲರ ಕಣ್ಣೆದುರೇ, ವೇದಿಕೆಯ ಮುಂದೆಯೇ ಹಾದುಹೋಗಬೇಕು. ಅಂಥವರನ್ನು ಮೊದಲು ಹಿಂದಿನ ಖಾಲಿ ಸೀಟಿನಲ್ಲಿ ಕೂರಿಸಿ, ವಿರಾಮದಲ್ಲಿ ಅವರ ಸೀಟಿಗೆ ಕಳಿಸುವುದು ಒಳ್ಳೆಯ ಪದ್ಧತಿ.

ದರದ ಬಗ್ಗೆ ಎರಡೇ ಮಾತು. ಕೊನೆಗೆ ಕೈಯಿಂದ ಹೋಗುವ ಪೂರ್ತಿ ಮೊತ್ತವನ್ನೇ ಬರೆಯಿರಿ, ಬುಕಿಂಗ್ ಶುಲ್ಕ ಮತ್ತು ತೆರಿಗೆ ಸೇರಿಸಿ. ಕ್ಯಾಪ್ಷನ್‌ನಲ್ಲಿ ಒಂದು ಮೊತ್ತ, ಹಣ ಕಟ್ಟುವ ಪುಟದಲ್ಲಿ ಇನ್ನೊಂದು ಕಂಡರೆ ಅಲ್ಲಿಗೇ ಬಿಟ್ಟು ಹೋಗುತ್ತಾರೆ. ಇನ್ನು ಬೇಗ ಕೊಂಡವರಿಗೆ ರಿಯಾಯಿತಿ ಇಟ್ಟಿದ್ದರೆ ಅದು ಮುಗಿಯುವ ಗಡುವನ್ನು ‘ರಾತ್ರಿ 12ರವರೆಗೆ’ ಅಂತ ಬರೆಯಬೇಡಿ. 10ನೇ ತಾರೀಕು ರಾತ್ರಿ 12 ಅಂದರೆ 10 ಶುರುವಾಗುವ ರಾತ್ರಿಯೋ ಮುಗಿಯುವ ರಾತ್ರಿಯೋ ಅನ್ನುವ ವಾದ ಕೊನೆಯಿಲ್ಲದ್ದು. 10ನೇ ತಾರೀಕು ರಾತ್ರಿ 11:59 ಅಂತ ಬರೆಯಿರಿ.

ಈಗ ಇದನ್ನೆಲ್ಲ ಎಲ್ಲಿ ಹಾಕುವುದು? ಪೋಸ್ಟರ್ ಚಿತ್ರವನ್ನು ಒಮ್ಮೆ ಹಾಕಿದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಬದಲಿಸಲಾಗದು. ಕ್ಯಾಪ್ಷನ್ ಅನ್ನು ಯಾವಾಗ ಬೇಕಾದರೂ ತಿದ್ದಬಹುದು. ಆದ್ದರಿಂದ ಬದಲಾಗದ ಸಂಗತಿಗಳು ಪೋಸ್ಟರ್‌ನಲ್ಲಿ: ಹೆಸರು, ವಾರ, ತಾರೀಕು, ಸ್ಥಳ, ಹಾಡು ಶುರುವಾಗುವ ಹೊತ್ತು. ಬದಲಾಗಬಹುದಾದವು ಕ್ಯಾಪ್ಷನ್‌ನಲ್ಲಿ: ದರ, ಯಾವ ದರ್ಜೆ ಉಳಿದಿದೆ, ಗೇಟು ಮತ್ತು ಬಾಗಿಲಿನ ಸಮಯ. ಪೋಸ್ಟರ್‌ನಲ್ಲಿ ಆಗಲೇ ದರ ಹಾಕಿಸಿದ್ದರೆ, ಇನ್ನೂ ಹರಿಬಿಟ್ಟಿಲ್ಲವಾದರೆ, ತೆಗೆಸಿಬಿಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಚಿತ್ರ ಕುಗ್ಗಿ, ಸಣ್ಣ ಅಕ್ಷರದ ದರಪಟ್ಟಿ ಹೇಗೂ ಓದೋಕೆ ಆಗದ ಹಾಗೆ ಮಸುಕಾಗುತ್ತದೆ. ಮುಂದಕ್ಕೆ ಕಳಿಸುವವರು ಕ್ಯಾಪ್ಷನ್ ತೆಗೆದು ಬರೀ ಚಿತ್ರ ಕಳಿಸುವುದೂ ಉಂಟು. ಹಾಗಾಗಿ ಟಿಕೆಟ್ ಸಿಗುವ ವಿಳಾಸವನ್ನು ಮಾತ್ರ ಚಿಕ್ಕದಾಗಿ ಪೋಸ್ಟರ್‌ನಲ್ಲೂ ಹಾಕಿ. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಕೊಂಡಿ ಒತ್ತಿದರೆ ತೆರೆಯುವುದಿಲ್ಲ, ಅಲ್ಲಿ ‘ಕೊಂಡಿ ಪ್ರೊಫೈಲಿನಲ್ಲಿದೆ’ ಅಂತ ಬರೆದು ಪ್ರೊಫೈಲಿನಲ್ಲಿ ಇಡಿ. ವಾಟ್ಸಾಪಿಗೆ ಕೊಂಡಿಯನ್ನೇ ಹಾಕಿ.

ಕ್ಯಾಪ್ಷನ್‌ನ ಮೊದಲ ಸಾಲಿಗೆ ವಿಶೇಷ ಗಮನ ಕೊಡಿ. ಇನ್‌ಸ್ಟಾಗ್ರಾಂನಲ್ಲಿ ಸುಮಾರು 125 ಅಕ್ಷರದ ಆಚೆಗಿನದು ಮಡಚಿಕೊಳ್ಳುತ್ತದೆ, ಒತ್ತಿದರಷ್ಟೇ ಉಳಿದದ್ದು ಕಾಣುವುದು. ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಬಿಗಿ. ಏಕೆಂದರೆ ಗುಣಿತದ ಗುರುತು, ಒತ್ತಕ್ಷರ ಎಲ್ಲವನ್ನೂ ಫೋನು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಟಿಕೆಟ್’ ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿನ ಲೆಕ್ಕದಲ್ಲಿ ಆರು. ಹಾಗಾಗಿ ‘ಸಂಗೀತ ಪ್ರಿಯರೇ, ನೀವೆಲ್ಲ ಕಾತರದಿಂದ ಕಾಯುತ್ತಿದ್ದ ಆ ದಿನ ಕೊನೆಗೂ ಬಂದೇ ಬಿಟ್ಟಿತು’ ಅಂತ ಶುರು ಮಾಡಿದರೆ, ತಾರೀಕು ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜಾಗ ಹೋಗಿರುತ್ತದೆ. ಯಾರು, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ, ಇಷ್ಟು ಮೊದಲು. ಹಾಡುಗಳ ಬಗ್ಗೆ, ಜೊತೆಗಾರರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬೇಕಾದರೆ ಕೊನೆಯಲ್ಲಿ ಬರೆಯಿರಿ, ಓದುವವರು ಓದುತ್ತಾರೆ.

ನಿಮ್ಮ ಸಭಾಂಗಣಕ್ಕೆ ಹೊಂದುವ ಹಾಗೆ ನಾನಾದರೆ ಹೀಗೆ ಬರೆಯುತ್ತೇನೆ. ಖಾಲಿ ಬಿಟ್ಟಲ್ಲಿ ನೀವು ತುಂಬಿಕೊಳ್ಳಿ.

____ ಅವರ ಹಾಡು, ಶನಿವಾರ ____ರಂದು, ____ ಸಭಾಂಗಣದಲ್ಲಿ. ಸಂಜೆ 6:30ಕ್ಕೆ ಸರಿಯಾಗಿ ಶುರು.

ಟಿಕೆಟ್ (ಶುಲ್ಕ, ತೆರಿಗೆ ಎಲ್ಲ ಸೇರಿ)
ವೇದಿಕೆಯಿಂದ ಮೊದಲ 4 ಸಾಲು: ____. ಸೀಟು ನಂಬರು ಟಿಕೆಟ್‌ನಲ್ಲೇ ಇದೆ.
ಕೆಳಗಿನ 5ರಿಂದ 14ನೇ ಸಾಲು: ____. ನಂಬರಿಲ್ಲ, ಮೊದಲು ಬಂದವರಿಗೆ ಮೊದಲು.
ಬಾಲ್ಕನಿ: ____. ನಂಬರಿಲ್ಲ, ಮೆಟ್ಟಿಲು ಹತ್ತಬೇಕು.
ನಂಬರಿಲ್ಲದ ಕಡೆ ಬೇರೆಯವರಿಗಾಗಿ ಸೀಟು ಹಿಡಿಯುವಂತಿಲ್ಲ.

ಸಮಯ
5:30ಕ್ಕೆ ಗೇಟು ತೆರೆಯುತ್ತದೆ.
5:45ಕ್ಕೆ ಸಭಾಂಗಣದ ಬಾಗಿಲು ತೆರೆಯುತ್ತದೆ.
6:30ಕ್ಕೆ ಹಾಡು ಶುರುವಾಗುತ್ತದೆ. ನಡುವೆ 15 ನಿಮಿಷ ವಿರಾಮ. 8:45ರ ಹೊತ್ತಿಗೆ ಮುಗಿಯುತ್ತದೆ.
ತಡವಾಗಿ ಬಂದವರನ್ನು ಎರಡು ಹಾಡಿನ ನಡುವೆ ಒಳಗೆ ಬಿಡುತ್ತೇವೆ.

____ ವರ್ಷದ ಮೇಲಿನ ಮಕ್ಕಳಿಗೆ ಟಿಕೆಟ್ ಬೇಕು. ಗಾಲಿಕುರ್ಚಿಯಲ್ಲಿ ಬರುವವರು ____ ಬಾಗಿಲಿನಿಂದ ಬನ್ನಿ, ಅಲ್ಲಿ ಮೆಟ್ಟಿಲಿಲ್ಲ. ಜಾಗ ತೆಗೆದಿಡಲು ಮೊದಲೇ ____ಗೆ ತಿಳಿಸಿ.
ಟಿಕೆಟ್: ____. ಗೇಟಿಗೆ ಬರುವಾಗ ಫೋನಿನಲ್ಲಿ ಟಿಕೆಟ್ ತೆರೆದಿಟ್ಟುಕೊಳ್ಳಿ.

ಬಾಲ್ಕನಿಯ ಮುಂದೆ ‘ಮೆಟ್ಟಿಲು ಹತ್ತಬೇಕು’ ಅನ್ನುವುದನ್ನು ಅಳಿಸಬೇಡಿ. ಮೊಣಕಾಲು ನೋವಿರುವ ಅಮ್ಮನಿಗೆ ಅಂತ ಕಡಿಮೆ ದರದ ಟಿಕೆಟ್ ಕೊಂಡವರು ಅಲ್ಲಿಗೆ ಬಂದ ಮೇಲೆ ಕೆಳಗೆ ಜಾಗ ಕೊಡಿ ಅನ್ನುತ್ತಾರೆ, ಆಗ ಕೊಡೋಕೆ ನಿಮ್ಮ ಹತ್ತಿರ ಇರುವುದು ಎತ್ತಿಟ್ಟ ಆ 10 ಸೀಟು ಮಾತ್ರ. ಗಾಲಿಕುರ್ಚಿಯ ಸಾಲನ್ನು ಬರೆಯುವ ಮೊದಲು ಆ ಬಾಗಿಲಿನಿಂದ ಸೀಟಿನವರೆಗೂ ನೀವೇ ನಡೆದು ನೋಡಿ, ನಡುವೆ ಒಂದೇ ಒಂದು ಮೆಟ್ಟಿಲು ಇದ್ದರೂ ‘ಮೆಟ್ಟಿಲಿಲ್ಲ’ ಅನ್ನುವಂತಿಲ್ಲ. ಸಾಲುಗಳ ಮುಂದೆ ನಕ್ಷತ್ರ, ಬೆಂಕಿ, ಚಪ್ಪಾಳೆಯ ಚಿತ್ರಗಳನ್ನು ಸಾಲುಗಟ್ಟಿ ಹಾಕುವುದೂ ಬೇಡ. ಕಣ್ಣು ಕಾಣದವರ ಫೋನು ಪೋಸ್ಟರ್‌ನ ಅಕ್ಷರಗಳನ್ನು ಸರಿಯಾಗಿ ಓದಿಹೇಳುತ್ತದೆ ಅಂತ ನಂಬೋಕಾಗದು. ಅವರಿಗೆ ಕ್ಯಾಪ್ಷನ್ನೇ ಗತಿ, ಅದರಲ್ಲಿ ಪ್ರತಿ ಚಿತ್ರದ ಹೆಸರನ್ನೂ ಫೋನು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ.

ಹಾಕುವ ಮೊದಲು ಎರಡು ಪರೀಕ್ಷೆ ಮಾಡಿ. ವಾರ ಮತ್ತು ತಾರೀಕು ಒಂದಕ್ಕೊಂದು ಹೊಂದುತ್ತವೆಯೇ ಅಂತ ಕ್ಯಾಲೆಂಡರ್ ತೆಗೆದು ನೋಡಿ. ಹಳೆಯ ಕಾರ್ಯಕ್ರಮದ ಬರಹವನ್ನು ತಿದ್ದಿ ಬಳಸಿದಾಗ ತಾರೀಕು ಬದಲಾಗಿ ವಾರ ಹಾಗೇ ಉಳಿದುಬಿಡುತ್ತದೆ. ಆಮೇಲೆ ಕಾರ್ಯಕ್ರಮದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಕ್ಯಾಪ್ಷನ್ ಓದೋಕೆ ಕೊಟ್ಟು, ‘ನೀವು ಎರಡನೇ ದರ್ಜೆಯ ಟಿಕೆಟ್ ಕೊಂಡರೆ ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ, ಯಾಕೆ?’ ಅಂತ ಕೇಳಿ. ‘ನಂಬರಿಲ್ಲವಲ್ಲ, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು’ ಅಂದರೆ ಬರಹ ಸರಿಯಿದೆ. ‘ಆರೂವರೆಗೆ ಹೋದರಾಯಿತು’ ಅಂದರೆ ಸೀಟಿನ ಸಾಲನ್ನು ಮತ್ತೆ ಬರೆಯಿರಿ.

ಒಂದು ದರ್ಜೆ ಮಾರಿಹೋದ ದಿನ ಹೊಸ ಪೋಸ್ಟ್ ಹಾಕಿ ಹಳೆಯದನ್ನು ಹಾಗೇ ಬಿಡಬೇಡಿ. ಹಳೆಯ ಕ್ಯಾಪ್ಷನ್‌ನಲ್ಲೇ ಆ ದರ್ಜೆಯ ಮುಂದೆ ‘ಮುಗಿದಿದೆ’ ಅಂತ ಸೇರಿಸಿ, ಮೊದಲ ಸಾಲಿನಲ್ಲೇ ಯಾವುದು ಉಳಿದಿದೆ ಅಂತ ಹೇಳಿ. ವಾಟ್ಸಾಪಿನಲ್ಲಿ ಈ ಅನುಕೂಲವಿಲ್ಲ. ಕಳಿಸಿದ 15 ನಿಮಿಷದ ಮೇಲೆ ತಿದ್ದಲಾಗದು, ಬೇರೆಯವರು ಮುಂದಕ್ಕೆ ಕಳಿಸಿದ್ದು ನಿಮ್ಮ ಕೈಯಲ್ಲೂ ಇಲ್ಲ. ಅದಕ್ಕೇ ವಾಟ್ಸಾಪಿಗೆ ಹೋಗುವ ಪ್ರತಿಯಲ್ಲಿ ‘ಉಳಿದ ಟಿಕೆಟ್‌ಗಳ ವಿವರ ಈ ಕೊಂಡಿಯಲ್ಲಿ’ ಅಂತ ಒಂದು ಸಾಲು ಸೇರಿಸಿಯೇ ಕಳಿಸಿ.